ಎರ್ರಿಸ್ವಾಮಿ ಗಂಡಸಾಗಿ ಆಡಿದ ಒಂದೇ ಮಾತು

ಎರ್ರಿಸ್ವಾಮಿ ಹುಟ್ಟಿದ್ದು ಪೆದ್ದಹರಿವಾಣದಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಕುರಿ ಕಾಯಲು ಕಳಿಸಿದರೆ ಬೇವಿನ ನೆರಳಲ್ಲಿ ಹಾಡುತ್ತ ಕೂತುಬಿಡುತ್ತಿದ್ದ. ಕುರಿಗಳು ಕಂಡವರ ಹೊಲ ಮೇಯುತ್ತಿದ್ದವು, ಹೊಲದವರು ಇವನ ಅಪ್ಪನ ಜೀವ ತಿನ್ನುತ್ತಿದ್ದರು. ಹೀಗಿರುವಾಗ ಊರಿಗೆ ಬಂದ ನಾಟಕ ಕಂಪನಿಯ ಯಜಮಾನ ಗುರುಪಾದಯ್ಯ ಅವನ ಹಾಡು ಕೇಳಿ, "ಈ ದನಿ ಹುಡುಗಿಗೆ ಅಂತ ಮಾಡಿದ್ದು, ಕೈತಪ್ಪಿ ಇವನ ಗಂಟಲಿಗೆ ಬಿದ್ದೈತಿ" ಎಂದು ಹೇಳಿ ಅಪ್ಪನನ್ನು ಒಪ್ಪಿಸಿ ಕರೆದುಕೊಂಡು ಹೋದ. ಅಪ್ಪನಿಗೂ ಪೀಡೆ ತೊಲಗಿದಂತಾಯಿತು. ಅಂದಿನಿಂದ ಎರ್ರಿಸ್ವಾಮಿ ಹೆಣ್ಣು ಪಾರ್ಟಿನವನಾದ.

ಹೆಣ್ಣು ಪಾರ್ಟು ಅಂದರೆ ಸೀರೆ ಉಟ್ಟು ಬಂದು ಹೋಗುವುದಲ್ಲ. ಕೂದಲು ಕತ್ತರಿಸುವ ಹಾಗಿಲ್ಲ. ಬೀಡಿ ಇಲ್ಲ, ಬಿಸಿಲಿಲ್ಲ, ಬಜಾರಿನಲ್ಲಿ ಗಂಟಲು ಹರಿಯುವ ಹಾಗೆ ಕೂಗುವುದಿಲ್ಲ. ಮದುವೆಯಂತೂ ಇಲ್ಲವೇ ಇಲ್ಲ. "ಲಗ್ನಾದ ಮ್ಯಾಲ ನಿನ್ನ ಮಾರಿ ಯಾರ್ ನೋಡ್ತಾರೋ?" ಎಂದು ಗುರುಪಾದಯ್ಯ ಪ್ರತಿ ಸಲವೂ ನಕ್ಕು ಆ ಮಾತು ಮುಗಿಸುತ್ತಿದ್ದ. ಕಂಪನಿಯವರೆಲ್ಲ ಅವನನ್ನು ಎರ್ರಮ್ಮ ಎಂದೇ ಕರೆಯುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಆ ಹೆಸರಿಗೆ ಓಗೊಡುವುದೇ ಸಲೀಸಾಯಿತು. ಮೂವತ್ತು ದಾಟಿದ ಮೇಲೂ ರಾಜಕುಮಾರಿ, ಋಷಿಪುತ್ರಿ, ಕಣ್ಣೀರಿಡುವ ಪತಿವ್ರತೆ ಎಲ್ಲವೂ ಅವನೇ. ಊರೂರಿನ ಗಂಡಸರು ಅವನ ವಿರಹಕ್ಕೆ ಮೂಗೊರೆಸಿಕೊಂಡರು. ಅವನ ವಿರಹವನ್ನು ಮಾತ್ರ ಯಾರೂ ವಿಚಾರಿಸಲಿಲ್ಲ.

ಆದೋನಿ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ ಮರುವರ್ಷ ಕಂಪನಿ ಆ ಊರಿನಲ್ಲಿ ಬೀಡುಬಿಟ್ಟಿತ್ತು. ಕನ್ನಡ ನಾಟಕಕ್ಕೆ ಮಂದಿ ಕಡಿಮೆ, ತೆಲುಗು ಪದ್ಯ ಹಾಡುವವರು ಕಂಪನಿಯಲ್ಲಿ ಇಲ್ಲ. ಗುರುಪಾದಯ್ಯ ತಲೆ ಕೆರೆದುಕೊಂಡು ಅರಳೆ ವ್ಯಾಪಾರದ ಚುನ್ನಿಲಾಲ್ ಸೇಠನ ಹತ್ತಿರ ಹೋದ. ಸೇಠ್ ಊರಿನ ಹಿಂದಿ ಮಂಡಳಿಯ ಅಧ್ಯಕ್ಷ. ಮಳೆಗಾಲ ಬಂದು ಅವನ ಅರಳೆ ಗೋದಾಮು ಖಾಲಿ ಬಿದ್ದಿತ್ತು. "ಹಿಂದಿಯೊಳಗ ನಾಟಕ ಆಡು, ಗೋದಾಮು ಕೊಡ್ತೀನಿ, ನಮ್ಮ ಮಂದಿ ಎಲ್ಲಾ ಬರ್ತಾರ" ಎಂದ ಸೇಠ್. ಗುರುಪಾದಯ್ಯನಿಗೆ ಹಿಂದಿಯ ಒಂದಕ್ಷರವೂ ಬಾರದು. ಬಾರದಿದ್ದುದಕ್ಕೇ ಧೈರ್ಯವಾಗಿ ಒಪ್ಪಿಕೊಂಡು ಬಂದ.

ಕನ್ನಡ ನಾಟಕವನ್ನು ಹಿಂದಿಗೆ ಮಾಡಿಕೊಡುವ ಕೆಲಸ ಸುಭದ್ರಮ್ಮನ ಪಾಲಿಗೆ ಬಂತು. ಆಕೆ ಮಂಡಳಿಯ ಹಿಂದಿ ಟೀಚರು. ಚಿಕ್ಕ ವಯಸ್ಸಿನಲ್ಲಿ ಗಂಡ ಸತ್ತು ತವರಿಗೆ ಬಂದವಳು. ಹಟ ಹಿಡಿದು ಹಿಂದಿ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿ ಈಗ ತಾಯಿ ಬಸವಕ್ಕನನ್ನು ಸಾಕುತ್ತಿದ್ದಳು. ಬಜಾರದ ಹಿಂದಿನ ಓಣಿಯ ಮಾಳಿಗೆ ಮೇಲೆ ಒಂದು ಕೋಣೆ, ಅಲ್ಲೇ ಮನೆ, ಅಲ್ಲೇ ಶಾಲೆ. ಟೀಚರ ನಡತೆಯ ಬಗ್ಗೆ ಯಾರಾದರೂ ಒಂದು ಮಾತು ಎತ್ತಿದರೆ ಮಂಡಳಿ ಶಾಲೆಗೆ ಬೀಗ ಹಾಕುತ್ತಿತ್ತು. ಅದಕ್ಕೇ ಪಾಠ ನಡೆಯುವಷ್ಟು ಹೊತ್ತೂ ಬಸವಕ್ಕ ಬಾಗಿಲ ಹತ್ತಿರ ಕೂತು ಹತ್ತಿಯಿಂದ ಬತ್ತಿ ಹೊಸೆಯುತ್ತಿದ್ದಳು. ಬತ್ತಿ ಬೇಕಾಗಿತ್ತೋ ಇಲ್ಲವೋ, ಕಾವಲು ಬೇಕಾಗಿತ್ತು.

ಎರ್ರಿಸ್ವಾಮಿ ದಿನಾ ಮಧ್ಯಾಹ್ನ ಕೂದಲು ಗಂಟು ಕಟ್ಟಿ, ಮೇಲೆ ರುಮಾಲು ಸುತ್ತಿಕೊಂಡು ಆ ಮೆಟ್ಟಿಲು ಹತ್ತುತ್ತಿದ್ದ. ಮೊದಲ ದಿನವೇ ಟೀಚರು ಪೆನ್ಸಿಲ್ ಕೈಲಿ ಹಿಡಿದು ಕೇಳಿದಳು: "ಈ ಮಾತು ಯಾರು ಹೇಳೋದು? ಯಾರಿಗೆ?"

"ಮಾತಂದ್ರ ಮಾತ್ರೀ. 'ನಾನು ನಿನ್ನ ಪ್ರೀತಿಸುತ್ತೇನೆ.' ಅದ್ರಾಗ ಯಾರು ಹೇಳಿದ್ರೇನು?"

"ಕನ್ನಡಕ್ಕ ಏನೂ ಇಲ್ಲ. ನಾನು, ನೀನು ಅಂದ್ರ ನಮ್ಮ ಭಾಷೆ ಗಂಡೋ ಹೆಣ್ಣೋ ಅಂತ ಕೇಳಂಗಿಲ್ಲ. ಅವನು ಬಂದ, ಆಕಿ ಬಂದ್ಲು ಅಂತ ಎದುರಿಗಿಲ್ಲದವ್ರ ಬಗ್ಗೆ ಹೇಳುವಾಗ ಮಾತ್ರ ಆ ವಿಚಾರ. ಹಿಂದಿ ಹಂಗಲ್ಲ. ಬಾಯಿ ತೆರದ ಕೂಡ್ಲೇ ನೀ ಯಾರು ಅಂತ ಕೇಳ್ತೈತಿ. ಗಂಡಸು ಹೇಳಿದ್ರ 'ಮೈಂ ತುಮ್ಹೇಂ ಚಾಹತಾ ಹೂಂ.' ಹೆಂಗಸು ಹೇಳಿದ್ರ 'ಚಾಹತೀ ಹೂಂ.' ನೀವು ನಾಯಕಿ. ನಿಮಗ ಯಾವಾಗ್ಲೂ ತೀ."

"ಯಾವಾಗ್ಲೂ ತೀ" ಎಂದು ಅವನು ಕಲಿತ. ಹೋಗುತ್ತೇನೆ, ಬರುತ್ತೇನೆ, ಅಳುತ್ತೇನೆ ಅನ್ನಲು ಜಾತೀ ಹೂಂ, ಆತೀ ಹೂಂ, ರೋತೀ ಹೂಂ. ಅವನಿಗೆ ಗೊತ್ತಿದ್ದ ಬಜಾರದ ಹಿಂದುಸ್ತಾನಿ 'ಆವ್, ಜಾವ್, ಕಿತ್ನಾ' ದಾಟಿರಲಿಲ್ಲ. ಈಗ ಬಾಯಿಗೆ ಬಂದ ಅಷ್ಟೂ ಹಿಂದಿ ನಾಯಕಿಯದೇ. ಒಂದು ದಿನ ಸೇಠ್ ಅಂಗಡಿಯ ಮುಂದೆ, "ನಾಟಕ ಹೆಂಗ ನಡದೈತಿ?" ಎಂದು ಕೇಳಿದ. ಕಲಿತದ್ದನ್ನು ತೋರಿಸುವ ಹುಮ್ಮಸ್ಸಿನಲ್ಲಿ ಎರ್ರಿಸ್ವಾಮಿ, "ಮೈಂ ರೋಜ್ ಸೀಖನೇ ಜಾತೀ ಹೂಂ, ಸೇಠಜೀ" ಎಂದ. ದಿನಾ ಕಲಿಯಲು ಹೋಗುತ್ತೇನೆ ಎಂದು ಹೇಳಿದ್ದು, ಆದರೆ ಹೆಂಗಸಾಗಿ ಹೇಳಿದ್ದ. ಅಂಗಡಿಯ ಗುಮಾಸ್ತರು, ಅರಳೆ ತೂಗುವವರು ಎಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. "ಜಾತೀ ಹೈ! ಹಮಾರೀ ಎರ್ರಮ್ಮ ಜಾತೀ ಹೈ!" ಅವನು ರುಮಾಲು ಸರಿಮಾಡಿಕೊಂಡು ಬಂದುಬಿಟ್ಟ. ಕನ್ನಡದಲ್ಲಾದರೆ ವೇಷ ತೆಗೆದ ಮೇಲಾದರೂ ನಾಲಿಗೆ ಅವನದಾಗಿರುತ್ತಿತ್ತು. ಈ ಭಾಷೆಯಲ್ಲಿ ಅದರ ಮೇಲೂ ಸೀರೆ ಬಿದ್ದಿತ್ತು.

ಸುಭದ್ರಮ್ಮನಿಗೆ ಈ ಸುದ್ದಿ ಮುಟ್ಟಿತು. ಆಕೆ ನಗಲಿಲ್ಲ. "ತಪ್ಪು ನಂದು. ಪಾರ್ಟು ಕಲಿಸಿದೆ, ಭಾಷೆ ಕಲಿಸಲಿಲ್ಲ" ಎಂದಳು. ಎರ್ರಿಸ್ವಾಮಿಯ ಬದುಕಿನಲ್ಲಿ ಅವನ ಅವಮಾನಕ್ಕೆ ಇನ್ನೊಬ್ಬರು ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ಆ ಕ್ಷಣದಲ್ಲಿ ಅವನಿಗೆ ಆಕೆಯ ಮೇಲೆ ಮನಸ್ಸಾಯಿತು. ಸುತ್ತಿ ಬಳಸಿ ಹೇಳುವುದೇನಿದೆ, ಪ್ರೀತಿ ಬಂತು.

ಪ್ರೀತಿ ಬಂದದ್ದು ಸರಿ, ಅದನ್ನು ಹೇಳುವುದು ಯಾವ ಬಾಯಲ್ಲಿ? ಕನ್ನಡದ ಒಲವಿನ ಮಾತುಗಳನ್ನೆಲ್ಲ ಅವನು ವರ್ಷಗಟ್ಟಲೆ ರಂಗದ ಮೇಲೆ ಹೆಣ್ಣು ದನಿಯಲ್ಲಿ ಆಡಿ ಸವೆಸಿದ್ದ. ಯಾವುದನ್ನು ಎತ್ತಿಕೊಂಡರೂ ಅದರ ಹಿಂದೆಯೇ ಹಾರ್ಮೋನಿಯಂ ಕೇಳಿಸುತ್ತಿತ್ತು. ಮೇಲಾಗಿ ಬಾಗಿಲಲ್ಲಿ ಬಸವಕ್ಕನ ಬತ್ತಿ. ಹಿಂದಿ ಬಸವಕ್ಕನಿಗೆ ಬಾರದು. ಹಾಗಾಗಿ ಉಳಿದದ್ದು ಹಿಂದಿಯೊಂದೇ.

"ಟೀಚರಮ್ಮಾರೀ, ನಾಯಕನ ಮಾತೂ ನಂಗ ಹೇಳಿಕೊಡ್ರಿ" ಎಂದು ಕೇಳಿದ.

"ಅದನ್ನ ದುರುಗಣ್ಣ ಕಲೀತಾನಲ್ಲ. ನಿಮಗ್ಯಾಕ?"

"ಎದುರಿನವನು ಏನಂತಾನ ಅಂತ ಗೊತ್ತಿದ್ರ ಚಲೋ ಅಲ್ರಿ."

ದುರುಗಣ್ಣ ನಾಯಕನ ಪಾರ್ಟಿನವನು, ಮೀಸೆ ಇದ್ದಷ್ಟು ನೆನಪಿನ ಶಕ್ತಿ ಇಲ್ಲದವನು. ಅವನ ಮಾತುಗಳನ್ನು ಎರ್ರಿಸ್ವಾಮಿ ಅವನಿಗಿಂತ ಮೊದಲೇ ಬಾಯಿಪಾಠ ಮಾಡಿದ. ಬೆಳಿಗ್ಗೆ ಗುಡ್ಡದ ಬುಡದ ಕೆರೆಯ ಕಡೆ ಹೋಗಿ, ಯಾರೂ ಇಲ್ಲದಲ್ಲಿ ನಿಂತು "ಚಾಹತಾ ಹೂಂ, ಚಾಹತಾ ಹೂಂ" ಎಂದು ಹೇಳಿಕೊಂಡ. ಹೇಳುವಾಗ ದನಿ ತಾನಾಗಿ ತುಸು ಇಳಿಯುತ್ತಿತ್ತು. ಆ ಇಳಿದ ದನಿ ಅವನಿಗೇ ಹೊಸದು. ಇದು ನನ್ನದೇ ಇರಬೇಕು ಅನ್ನಿಸಿ ಇನ್ನೊಮ್ಮೆ ಹೇಳುತ್ತಿದ್ದ.

ಒಂದು ಮಧ್ಯಾಹ್ನ ಬಸವಕ್ಕ ನೀರು ತರಲು ಕೆಳಗೆ ಹೋದಳು. ಈಗಲ್ಲದಿದ್ದರೆ ಇಲ್ಲ ಎಂದುಕೊಂಡ ಎರ್ರಿಸ್ವಾಮಿ ಹಾಳೆಯಿಂದ ತಲೆ ಎತ್ತಿ, ಆಕೆಯ ಮುಖ ನೋಡಿ, ಮನಸ್ಸಿನಲ್ಲಿ ಸಿದ್ಧ ಮಾಡಿಟ್ಟ ಮಾತನ್ನು ಹೇಳಿದ. ಬಾಯಿಂದ ಬಂದದ್ದು, "ಮೈಂ ಆಪಕೋ ಚಾಹತೀ ಹೂಂ."

ತೀ! ಆ ಹಾಳು ತೀ!

ಸುಭದ್ರಮ್ಮ ಹಾಳೆ ನೋಡುತ್ತಲೇ ತಿದ್ದಿದಳು. "ಆಪ್ ಅಲ್ಲ, ತುಮ್. ಈ ಅಂಕದಾಗ ನಾಯಕಿಗೆ ಅವನ ಕೂಡ ಸಲಿಗಿ ಬೆಳದೈತಿ, ಬಹುವಚನ ಬ್ಯಾಡ. 'ತುಮ್ಹೇಂ ಚಾಹತೀ ಹೂಂ.' ಇನ್ನೊಮ್ಮೆ ಹೇಳ್ರಿ."

ಅವನು ಇನ್ನೊಮ್ಮೆ ಹೇಳಿದ. ಸರಿಯಾಗಿ ಹೇಳಿದ. ಬಸವಕ್ಕ ಕೊಡ ಇಟ್ಟು ಬಂದು ಮತ್ತೆ ಬತ್ತಿಗೆ ಕೂತಳು. ಆ ದಿನ ಅವನಿಗೆ ಊಟ ಸೇರಲಿಲ್ಲ.

ಹೇಳಲು ಬೇರೆ ದಾರಿಗಳೂ ಇದ್ದವು. "ಮುಝೇ ತುಮಸೇ ಪ್ರೇಮ್ ಹೈ" ಅಂದರೆ ಹೇಳುವವರ ಗುರುತೂ ಇಲ್ಲ, ಕೇಳುವವರ ಗುರುತೂ ಇಲ್ಲ ಎಂದು ಟೀಚರೇ ಒಮ್ಮೆ ವಿವರಿಸಿದ್ದಳು. ಆದರೆ ಆ ಮಾತಿನಿಂದ ಅವನಿಗೇನು ಪ್ರಯೋಜನ? ಅದನ್ನೂ ಆಕೆ ನಾಯಕಿಯ ಮಾತು ಎಂದೇ ಕೇಳಿಸಿಕೊಂಡು "ಪ್ರೇಮ್ ಅಂಬೋದನ್ನ ಒತ್ತಿ ಹೇಳ್ರಿ" ಎನ್ನುತ್ತಿದ್ದಳು. ಬಚ್ಚಿಟ್ಟುಕೊಳ್ಳುವುದರಲ್ಲಿ ಅವನಿಗೆ ಬೇಕಾದಷ್ಟು ಅಭ್ಯಾಸವಿತ್ತು. ಅವನಿಗೆ ಬೇಕಾಗಿದ್ದದ್ದು ಕಾಣಿಸಿಕೊಳ್ಳುವುದು.

ಆಮೇಲೆ ವಿರಹದ ದೃಶ್ಯ ಬಂತು. ನಾಯಕ ಯುದ್ಧಕ್ಕೆ ಹೋಗಿದ್ದಾನೆ. ನಾಯಕಿ ಅವನು ಹೋದ ದಿಕ್ಕಿಗೆ ಮುಖ ಮಾಡಿ ಒಬ್ಬಳೇ ಹೇಳುತ್ತಾಳೆ: "ಸಂಜೆಯಾದರೆ ಸಾಕು, ನೀನು ನೆನಪಾಗುತ್ತೀ." ಸುಭದ್ರಮ್ಮ ಹಿಂದಿ ಮಾಡಿದಳು: "ಸಾಂಝ್ ಹೋತೇ ಹೀ ತುಮ್ ಯಾದ್ ಆತೇ ಹೋ."

"ಇಲ್ಲಿ ತೀ ಯಾಕಿಲ್ಲ?" ಎಂದ ಎರ್ರಿಸ್ವಾಮಿ.

"ಇಲ್ಲಿ ಬರೋದು ನೀವಲ್ಲ, ನೆನಪಿಗೆ ಬರೋದು ಅವನು. ಅದಕ್ಕ ಕ್ರಿಯಾಪದ ಅವನ ಹಿಂದ ಹೋಗ್ತೈತಿ. ಅವನು ಗಂಡಸು, ಆತೇ ಹೋ. ನೆನಪಾಗಾಕಿ ಹೆಂಗಸಾದ್ರ, ಆತೀ ಹೋ."

"ಹೇಳೋರು?"

"ಹೇಳೋರು ಗಂಡಾದ್ರೂ ಹೆಣ್ಣಾದ್ರೂ ಒಂದೇ. ಅದನ್ನ ಈ ಮಾತು ಕೇಳೋದೇ ಇಲ್ಲ."

ಎರ್ರಿಸ್ವಾಮಿ ತಲೆ ಬಗ್ಗಿಸಿ ಕೂತ. ಹೇಳುವವನ ಮೇಲೆ ಸೀರೆ ಇಲ್ಲದೆ, ಕೇಳುವವರ ಗುರುತು ಮಾತ್ರ ಹೇಳುವ ಮಾತು ಅವನಿಗೆ ಸಿಕ್ಕಿದ್ದು ಇದೊಂದೇ. 'ತೇ' ಇದ್ದಲ್ಲಿ 'ತೀ' ಇಟ್ಟರೆ ಅದು ಒಬ್ಬ ಹೆಂಗಸಿಗೆ ಆಡಿದ ಮಾತಾಗುತ್ತದೆ. ನಾಯಕ ಹೋದ ದಿಕ್ಕು ಎಡಗಡೆಯ ಪರದೆ. ಆ ಪರದೆಯ ಹಿಂದೆ ಹಾಳೆ ಹಿಡಿದು ಮಾತು ಕೊಡಲು ಕೂರುವವಳು ಸುಭದ್ರಮ್ಮ. 

ಭಾನುವಾರ ಮಧ್ಯಾಹ್ನ ಆಟ. ಸೇಠ್ ಮನೆತನದ ಹೆಂಗಸರು ರಾತ್ರಿ ಆಟಕ್ಕೆ ಬರುವವರಲ್ಲ, ಅದಕ್ಕೆ ಹಗಲೇ ಇಟ್ಟಿದ್ದರು. ಗೋದಾಮಿನ ತಗಡಿನ ಸಂದಿಯಿಂದ ಬಿಸಿಲು ಬೀಳುತ್ತಿತ್ತು. ಎಷ್ಟು ಗುಡಿಸಿದರೂ ಅರಳೆಯ ಎಳೆಗಳು ಹಾರಾಡುತ್ತ ಬಣ್ಣ ಹಚ್ಚಿದ ಮುಖಕ್ಕೆ ಅಂಟಿಕೊಳ್ಳುತ್ತಿದ್ದವು. ಮುಂದಿನ ಸಾಲಿನಲ್ಲಿ ಚುನ್ನಿಲಾಲ್ ಸೇಠ್, ಪಕ್ಕದಲ್ಲಿ ಮಂಡಳಿಯ ದೊಡ್ಡವರು. ದುರುಗಣ್ಣ ಎರಡು ಕಡೆ ಮಾತು ಮರೆತು ಕತ್ತಿ ಝಳಪಿಸಿ ಪಾರಾದ. ಎರ್ರಿಸ್ವಾಮಿಯ ಹಿಂದಿಗೆ ಸೇಠಾಣಿಯರು ತಲೆದೂಗಿದರು. ಎಡಗಡೆಯ ಪರದೆಯ ಹಿಂದೆ ಸುಭದ್ರಮ್ಮ, ಆಕೆಯ ಬೆನ್ನಿಗೆ ಬಸವಕ್ಕ.

ವಿರಹದ ದೃಶ್ಯದಲ್ಲಿ ಅವನು ಎಡಕ್ಕೆ ತಿರುಗಿದ. ಪರದೆಯ ಸಂದಿಯಲ್ಲಿ ಆಕೆ ಹಾಳೆಯ ಮೇಲೆ ಬೆರಳಿಟ್ಟು ಕೂತಿರುವುದು ಕಾಣಿಸಿತು. ಹಾರ್ಮೋನಿಯಂ ನಿಂತಿತು.

"ಸಾಂಝ್ ಹೋತೇ ಹೀ ತುಮ್ ಯಾದ್ ಆತೀ ಹೋ."

ದನಿ ಕೆರೆದಂಡೆಯ ದನಿ. ಅದು ಇಳಿದದ್ದು ಅವನಿಗೇ ಗೊತ್ತಾಯಿತು.

ಪರದೆಯ ಹಿಂದಿನಿಂದ ಪಿಸುಮಾತು ಬಂತು: "ಆತೇ ಹೋ."

ಅವನು ಆಕೆಯನ್ನೇ ನೋಡಿದ. ಎರಡನೇ ಸಲ, ಇನ್ನೂ ನಿಧಾನವಾಗಿ, "ತುಮ್ ಯಾದ್ ಆತೀ ಹೋ" ಎಂದ.

"ಆತೇ, ಆತೇ" ಎಂದು ಆಕೆ ಅವಸರದಿಂದ ಹಾಳೆ ಮೇಲೆತ್ತಿದಳು. ಆಗ ಕಣ್ಣಿಗೆ ಕಣ್ಣು ಸಿಕ್ಕಿತು. ಎರ್ರಿಸ್ವಾಮಿ ಮೂರನೇ ಸಲವೂ ಹೇಳಿದ. ಈ ಸಲ ಪರದೆಯ ಹಿಂದಿನಿಂದ ಏನೂ ಬರಲಿಲ್ಲ. ಆಕೆ ಹಾಳೆಯನ್ನು ಮೆಲ್ಲಗೆ ತೊಡೆಯ ಮೇಲೆ ಇಳಿಸಿದಳು. ಗೊತ್ತಾಯಿತು, ಆಕೆಗೆ ಗೊತ್ತಾಯಿತು! ಅಷ್ಟು ಸಂತೋಷ ಅವನಿಗೆ ಹಿಂದೆಂದೂ ಆಗಿರಲಿಲ್ಲ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಯಾರೋ ಕಿಸಕ್ಕನೆ ನಕ್ಕರು.

ಆಟ ಮುಗಿದದ್ದೇ ಸೇಠ್ ಬಣ್ಣದ ಕೋಣೆಗೆ ಬಂದ. ಹಿಂದೆ ಮಂಡಳಿಯವರು. ಸೇಠ್ ಎರ್ರಿಸ್ವಾಮಿಯನ್ನು ಏನೂ ಕೇಳಲಿಲ್ಲ. ನೆಟ್ಟಗೆ, ಹಾಳೆಗಳೊಂದಿಗೆ ಮೂಲೆಯಲ್ಲಿ ಕೂತಿದ್ದ ಸುಭದ್ರಮ್ಮನ ಕಡೆ ತಿರುಗಿದ.

"ಟೀಚರಮ್ಮ, ಇದೇನು? ಮೂರು ಸಲ ತಪ್ಪು! ಗಂಡಸಿಗೆ 'ಆತೀ ಹೋ' ಅಂತ ಕಲಿಸಿರೇನು? ನಮ್ಮ ಮನೀ ಸಣ್ಣ ಕೂಸು ಸೈತ ಹೇಳೋದಿಲ್ಲ ಹಂಗ. ನಮ್ಮ ಮಕ್ಕಳಿಗೂ ಹಿಂಗೇ ಕಲಿಸ್ತಿರೇನು? ಶಾಲೆ ನಡಿಸಬೇಕೋ ಬ್ಯಾಡೋ ನಾವು ಯೋಚ್ನಿ ಮಾಡಬೇಕಾತು."

ಸುಭದ್ರಮ್ಮನ ಮುಖದ ರಕ್ತ ಇಳಿದುಹೋಯಿತು. "ಹಾಳೆಯೊಳಗ ಸರಿ ಐತ್ರಿ" ಎಂದಳು. ಗುರುಪಾದಯ್ಯನಿಗೆ ತಪ್ಪೇನೆಂದು ತಿಳಿದಿರಲಿಲ್ಲ, ಆದರೂ ಸೇಠನ ಸಿಟ್ಟು ಕಂಡು, "ಹೌದ್ರಿ ಹೌದ್ರಿ, ಕಲಿಸಿದ್ದರಾಗೇ ಎಡವಟ್ಟಾಗಿರಬೇಕು. ನಮ್ಮ ಎರ್ರಮ್ಮ ಒಂದಕ್ಷರ ಬಿಡೋದಿಲ್ರಿ" ಎಂದುಬಿಟ್ಟ.

ಎರ್ರಿಸ್ವಾಮಿ ಕುತ್ತಿಗೆಯ ಸರ ಬಿಚ್ಚುತ್ತಿದ್ದವನು ಹಾಗೇ ನಿಂತ. ತಪ್ಪಲ್ಲ, ಬೇಕೆಂದೇ ಅಂದೆ ಅನ್ನಬೇಕು. ಅಂದರೆ, ಯಾವ ಹೆಂಗಸಿಗೆ ಅಂದೆ ಎಂದು ಕೇಳುತ್ತಾರೆ. ಪರದೆಯ ಹಿಂದೆ ಹಾಳೆ ಹಿಡಿದು ಕೂತವಳು ಒಬ್ಬಳೇ. ಸುಮ್ಮನಿದ್ದರೆ ಆಕೆಯ ಶಾಲೆ ಹೋಗುತ್ತದೆ, ನಿಜ ಹೇಳಿದರೆ ಆಕೆಯ ಮಾನ ಹೋಗುತ್ತದೆ. ಗಂಡಸಾಗಿ ಆಡಿದ ಆ ಒಂದು ಮಾತು ತನ್ನದೆಂದು ಹೇಳಿಕೊಳ್ಳಲು ಎಲ್ಲಿಯೂ ಜಾಗವಿರಲಿಲ್ಲ.

"ಟೀಚರು ಸರಿ ಕಲಿಸ್ಯಾರ್ರಿ. ತಪ್ಪು ನಂದು. ಬಾಯಿ ತಪ್ಪಿತು" ಎಂದ.

"ಮೂರು ಸಲ?"

"ನಮಗ ಎಲ್ಲಾ ತೀ ಅಂತ ರೂಢಿಯಾಗೈತ್ರಿ. ಅದೇ ಬಂತು. ನಾನು ದಡ್ಡ, ಕುರಿ ಕಾಯೋನು. ಅವರು ಒಳಗಿಂದ ತಿದ್ದಿದ್ರು, ನಂಗ ಕಿವಿಗೆ ಹೋಗಲಿಲ್ಲ."

ಅಂಗಡಿಯ ಮುಂದಿನ 'ಜಾತೀ ಹೂಂ' ಸೇಠನಿಗೆ ನೆನಪಾಯಿತು. ಮುಖ ಸಡಿಲಾಯಿತು. ಆದರೂ ಮಂಡಳಿಯವರು ಎದುರಿಗಿದ್ದಾರಲ್ಲ, "ಹಂಗಾದ್ರ ಈಗ ಸರಿಯಾಗಿ ಹೇಳು, ಎಲ್ಲಾರೂ ಕೇಳ್ಲಿ" ಎಂದ.

ಎರ್ರಿಸ್ವಾಮಿ ಸೆರಗು ಸರಿಮಾಡಿಕೊಂಡ. ಎಲ್ಲರ ಮುಂದೆ, ಆಕೆಯ ಮುಂದೆ, ನಾಯಕಿಯ ತೆಳು ದನಿಯಲ್ಲಿ ಹೇಳಿದ: "ಸಾಂಝ್ ಹೋತೇ ಹೀ ತುಮ್ ಯಾದ್ ಆತೇ ಹೋ."

"ಶಾಬಾಶ್!" ಎಂದರು ಮಂಡಳಿಯವರು. ಸೇಠ್ ಅವನ ಬೆನ್ನು ತಟ್ಟಿದ. ಟೀಚರಿಗೂ ಸಮಾಧಾನದ ಒಂದು ಮಾತು ಹೇಳಿ ಎಲ್ಲರೂ ಹೊರಗೆ ಹೋದರು. ಗುರುಪಾದಯ್ಯ ಅವರ ಹಿಂದೆಯೇ ಓಡಿದ.

ಕೋಣೆಯಲ್ಲಿ ಉಳಿದದ್ದು ಮೂವರು. ಬಸವಕ್ಕ ಮಗಳ ಸೆರಗು ಎಳೆದು, "ನಡೀವ್ವಾ, ಸಂಜಿ ಆತು" ಎಂದಳು. ಸುಭದ್ರಮ್ಮ ಏಳಲಿಲ್ಲ. ತೊಡೆಯ ಮೇಲಿದ್ದ ಹಾಳೆಗಳನ್ನು ಜೋಡಿಸಿದಳು, ಮತ್ತೆ ಜೋಡಿಸಿದಳು. ಅವನು ಕನ್ನಡಿಯ ಕಡೆ ಮುಖ ಮಾಡಿ ಬಣ್ಣ ಒರೆಸಿಕೊಳ್ಳುತ್ತಿದ್ದ. ಆಕೆಯನ್ನು ನೋಡುವ ಧೈರ್ಯ ಇರಲಿಲ್ಲ.

"ಇನ್ನ ಪಾಠಕ್ಕ ಬರೋದು ಬ್ಯಾಡ್ರಿ. ನಾಟಕ ಮುಗೀತಲ್ಲ" ಎಂದಳು ಆಕೆ.

"ಹೂಂ ರೀ."

ಆಕೆ ಬಾಗಿಲ ತನಕ ಹೋದಳು. ಬಸವಕ್ಕ ಹೊರಗೆ ಚಪ್ಪಲಿ ಹುಡುಕುತ್ತಿದ್ದಳು. ಸುಭದ್ರಮ್ಮ ತಿರುಗಿ, ತಾಯಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ, ಪಾಠ ಹೇಳುವ ದನಿಯಲ್ಲೇ ಅಂದಳು: "ಆಪ್ ಯಾದ್ ಆಯೇಂಗೇ."

"ಏನಂದಿ ಅವನಿಗೆ?" ಎಂದಳು ಬಸವಕ್ಕ.

"ಹೋಗಿ ಬರ್ರಿ ಅಂದೆ."

ಹೋಗಿ ಬರ್ರಿ ಅಲ್ಲ. ನೀವು ನೆನಪಾಗುತ್ತೀರಿ, ಅದು ಆಕೆ ಹೇಳಿದ್ದು. ಹೆಂಗಸಿಗೆ ಹೇಳುವ ಆಯೇಂಗೀ ಅನ್ನಲಿಲ್ಲ, ಆಯೇಂಗೇ ಅಂದಳು. ಹಿಂದಿಯಲ್ಲಿ ಅವನನ್ನು ಗಂಡಸೆಂದು ಮಾತಾಡಿಸಿದವಳು ಆಕೆಯೊಬ್ಬಳೇ. ಅದನ್ನು ಬಹುವಚನ ಕೊಟ್ಟು, ಬಾಗಿಲು ದಾಟುತ್ತ ಹೇಳಿ ಹೋದಳು. ಉತ್ತರ ಹೇಳಲು ಅವನು ಬಾಯಿ ತೆರೆದ. ಅಲ್ಲಿಯೂ ತೀ ಬಂದೀತು ಎಂದು ಹೆದರಿ ಮುಚ್ಚಿಕೊಂಡ. ಗೋದಾಮಿನ ಮೆಟ್ಟಿಲ ಮೇಲೆ ತಾಯಿ ಮಗಳ ಹೆಜ್ಜೆಗಳು ಇಳಿದುಹೋದವು.

ಕಂಪನಿ ಮರುದಿನ ದೇವನಕೊಂಡಕ್ಕೆ ಹೊರಟಿತು. ಎತ್ತಿನ ಬಂಡಿಗಳಿಗೆ ಪರದೆ, ಪೆಟ್ಟಿಗೆ ಹೇರಿ ಆಗಿತ್ತು. ಎರ್ರಿಸ್ವಾಮಿ ಒಬ್ಬನೇ ಬಜಾರದ ಓಣಿಯ ಕಡೆ ಮುಖ ಮಾಡಿ ನಿಂತಿದ್ದ. ಆಯೇಂಗೇ, ಆಯೇಂಗೇ ಎಂದು ಅವನ ತುಟಿ ಆಡುತ್ತಿತ್ತು.

"ಏ ಎರ್ರಮ್ಮಾ, ಹತ್ತವಾ! ಬಿಸಿಲಿಗೆ ನಿಂತು ಬಣ್ಣಗೆಡ್ತೀಯೇನು?" ಎಂದು ಗುರುಪಾದಯ್ಯ ಕೂಗಿದ.

"ಬಂದೆ" ಎಂದ ಎರ್ರಿಸ್ವಾಮಿ, ಕನ್ನಡದಲ್ಲಿ. ತಲೆಯ ಮೇಲೆ ರುಮಾಲು ಎಳೆದುಕೊಂಡು ಬಂಡಿ ಹತ್ತಿದ.